ಜಂಟಿ ಉದ್ಯಮ ಯಾವಾಗ, ಯಾಕೆ? ಪರೀಕ್ಷೆಗೆ ನಮ್ಮ ಕಡೆಯ ಒಂದು ಉದಾಹರಣೆ ಬೇಕಾಗಿದೆ

ಸಾಧನಕೇರಿ ವಿದ್ಯಾರ್ಥಿನಿ (ಧಾರವಾಡ)

ಎಲ್ಲರಿಗೂ ನಮಸ್ಕಾರ. ಎಂ.ಕಾಂ. ಕೊನೆಯ ಸೆಮಿಸ್ಟರಿನಲ್ಲಿದ್ದೇನೆ. ಮುಂದಿನ ವಾರ ಅಂತರರಾಷ್ಟ್ರೀಯ ಮಾರುಕಟ್ಟೆ ವಿಷಯದ ಪರೀಕ್ಷೆ ಇದೆ. ರಫ್ತು, ಪರವಾನಗಿ, ಜಂಟಿ ಉದ್ಯಮ, ನೇರ ಹೂಡಿಕೆ ಇವುಗಳನ್ನು ಉದಾಹರಣೆಯೊಂದಿಗೆ ಹೋಲಿಸಿ ಎಂಬ ಪ್ರಶ್ನೆ ಬಂದೇ ಬರುತ್ತದೆ.

ನನ್ನ ಬಳಿ ಕೋಷ್ಟಕ ಇದೆ. ರಫ್ತಿನಲ್ಲಿ ಅಪಾಯವೂ ಕಡಿಮೆ, ಹಿಡಿತವೂ ಕಡಿಮೆ, ನೇರ ಹೂಡಿಕೆಯಲ್ಲಿ ಎರಡೂ ಹೆಚ್ಚು, ಉಳಿದೆರಡು ನಡುವೆ. ಆಂತರಿಕ ಪರೀಕ್ಷೆಯಲ್ಲಿ ಇದನ್ನೇ ಬರೆದೆ, 15ಕ್ಕೆ 7 ಬಂತು. ಮೇಡಂ ಅಂಚಿನಲ್ಲಿ ಕೆಂಪು ಶಾಯಿಯಿಂದ "ಯಾಕೆ?" ಎಂದಷ್ಟೇ ಬರೆದಿದ್ದರು. ಮೂರು ದಿನದಿಂದ ಅದೇ ಪದ ತಲೆಯಲ್ಲಿದೆ. ಅದರಲ್ಲೂ ಜಂಟಿ ಉದ್ಯಮ ನನಗೆ ಅರ್ಥವಾಗುತ್ತಿಲ್ಲ. ಹಣವಿದ್ದ ಕಂಪನಿ ತಾನೇ ಕಾರ್ಖಾನೆ ಕಟ್ಟಬಹುದು, ಇಲ್ಲದಿದ್ದರೆ ರಫ್ತು ಮಾಡಬಹುದು. ಲಾಭವನ್ನು ಇನ್ನೊಬ್ಬರೊಂದಿಗೆ ಯಾಕೆ ಹಂಚಿಕೊಳ್ಳಬೇಕು?

ಗದಗ ವಾಣಿಜ್ಯ

ತಂಗಿ, ಇದು ಸುಲಭ. ನಾಲ್ಕೂ ಒಂದೇ ಏಣಿಯ ಮೆಟ್ಟಿಲುಗಳು. ಮೊದಲು ರಫ್ತು ಮಾಡಿ ಮಾರುಕಟ್ಟೆಯ ರುಚಿ ನೋಡುತ್ತಾರೆ. ನಂತರ ಪರವಾನಗಿ, ಅದರ ಮೇಲೆ ಜಂಟಿ ಉದ್ಯಮ, ಧೈರ್ಯ ಬಂದಮೇಲೆ ಸ್ವಂತ ಕಾರ್ಖಾನೆ. ಜಂಟಿ ಉದ್ಯಮದಲ್ಲಿ ನಷ್ಟವಾದರೆ ಅರ್ಧವನ್ನು ಪಾಲುದಾರ ಹೊರುತ್ತಾನೆ, ಅದಕ್ಕೇ ಅದು ಸುರಕ್ಷಿತ. ಹೀರೋ ಹೋಂಡಾ ಉದಾಹರಣೆ ಬರೆ. 1984ರಲ್ಲಿ ಜಂಟಿಯಾಗಿ ಶುರು, ಆಮೇಲೆ ಹೋಂಡಾ ಸ್ವಂತ ಕಂಪನಿ ಮಾಡಿಕೊಂಡಿತು. ಏಣಿ ಹತ್ತಿದ್ದು ಸ್ಪಷ್ಟವಾಗಿ ಕಾಣುತ್ತದೆ.

ಬ್ಯಾಡಗಿ ಡಬ್ಬಿ

ನಮಸ್ಕಾರ. ನಾನು ಬ್ಯಾಡಗಿಯಲ್ಲಿ ಮೆಣಸಿನಕಾಯಿ ವ್ಯಾಪಾರಿ. ಪರವಾನಗಿಯ ಬಗ್ಗೆ ನನಗೆ ಗೊತ್ತಿರುವುದನ್ನು ಹೇಳುತ್ತೇನೆ. ರಫ್ತು ಮಾಡಲು ಮೊದಲು ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದಿಂದ ಆಮದು–ರಫ್ತು ಸಂಕೇತ ಸಂಖ್ಯೆ ತೆಗೆದುಕೊಳ್ಳಬೇಕು. ಮಸಾಲೆ ಪದಾರ್ಥವಾದರೆ ಮಸಾಲೆ ಮಂಡಳಿಯ ನೋಂದಣಿಯೂ ಬೇಕು. ಎರಡೂ ಇಲ್ಲದೆ ಸರಕು ಬಂದರು ದಾಟುವುದಿಲ್ಲ. ನಾನು ಇವೆರಡನ್ನೂ ಇನ್ನೂ ಮಾಡಿಸಿಲ್ಲ. ನನ್ನ ಕಡ್ಡಿ ಮತ್ತು ಡಬ್ಬಿ ಕಾಯಿಯನ್ನು ಮುಂಬೈಯ ಒಬ್ಬ ರಫ್ತುದಾರರು ಕೊಂಡು ಹೊರಗೆ ಕಳಿಸುತ್ತಾರೆ. ಹಾಗಾದರೆ ನಾನು ನಿಮ್ಮ ಪ್ರಶ್ನೆಯ ಯಾವ ವಿಧಾನದಲ್ಲಿ ಬರುತ್ತೇನೆ?

ಹಳೆಯ ರಫ್ತುದಾರ (ಹುಬ್ಬಳ್ಳಿ)

ಮೂವತ್ತು ವರ್ಷ ಯಂತ್ರಭಾಗಗಳನ್ನು ಹೊರದೇಶಗಳಿಗೆ ಕಳಿಸಿದವನು ನಾನು. ಈಗ ವಿದ್ಯಾನಗರದ ಒಂದು ಕಾಲೇಜಿನಲ್ಲಿ ವಾರಕ್ಕೆರಡು ತರಗತಿ ತೆಗೆದುಕೊಳ್ಳುತ್ತೇನೆ.

ಮೊದಲು ಬ್ಯಾಡಗಿಯವರಿಗೆ. ಸಾಹುಕಾರರೇ, ನೀವು ಹೇಳಿದ್ದು ಸರ್ಕಾರ ಕೊಡುವ ಪರವಾನಗಿ. ಪ್ರಶ್ನೆಯಲ್ಲಿರುವ ಪರವಾನಗಿ ಬೇರೆ. ಒಂದು ಕಂಪನಿ ತನ್ನ ಹೆಸರು, ನಕ್ಷೆ, ತಯಾರಿಕೆಯ ಗುಟ್ಟು ಇವುಗಳನ್ನು ಬಳಸಲು ಇನ್ನೊಂದು ದೇಶದ ಕಂಪನಿಗೆ ಒಪ್ಪಿಗೆ ಕೊಟ್ಟು, ಮಾರಾಟದ ಮೇಲೆ ಇಷ್ಟು ಎಂದು ರಾಯಲ್ಟಿ ಪಡೆಯುವ ವ್ಯವಹಾರ ಅದು. ಸರಕು ಗಡಿ ದಾಟುವುದಿಲ್ಲ, ವಿದ್ಯೆ ದಾಟುತ್ತದೆ. ಕನ್ನಡದಲ್ಲಿ ಎರಡಕ್ಕೂ ಒಂದೇ ಪದ ಇರುವುದರಿಂದ ಪ್ರತಿ ವರ್ಷ ನಾಲ್ಕಾರು ಹುಡುಗರು ಇದೇ ತಪ್ಪನ್ನು ಉತ್ತರಪತ್ರಿಕೆಯಲ್ಲಿ ಬರೆಯುತ್ತಾರೆ.

ನಿಮ್ಮದು ಪರೋಕ್ಷ ರಫ್ತು. ಚೀಲದ ಮೇಲೆ ಯಾರ ಹೆಸರಿದೆ, ಆ ಕಡೆ ಕೊಳ್ಳುವವನು ಯಾರೆಂದು ನಿಮಗೆ ಗೊತ್ತಿದೆಯೇ ಎಂದು ನೋಡಿಕೊಳ್ಳಿ. ಎರಡಕ್ಕೂ ಉತ್ತರ "ಮುಂಬೈಯವರು" ಎಂದಾದರೆ, ನಿಮ್ಮ ಕಾಯಿ ವಿದೇಶಕ್ಕೆ ಹೋಗಿದೆ, ನೀವು ಹೋಗಿಲ್ಲ.

ಬ್ಯಾಡಗಿ ಡಬ್ಬಿ

ಚೀಲದ ಮೇಲೆ ಅವರದೇ ಹೆಸರು ಸರ್. ಕೊಳ್ಳುವವರು ಯಾರೆಂದು ನಾನು ಎಂದೂ ಕೇಳಿಲ್ಲ.

ಕಳೆದ ವರ್ಷ ಯುರೋಪಿಗೆ ಹೊರಟಿದ್ದ ಒಂದು ಕಂಟೇನರ್, ಬೂಷ್ಟಿನಿಂದ ಹುಟ್ಟುವ ಅಫ್ಲಾಟಾಕ್ಸಿನ್ ಎಂಬ ವಿಷದ ಪರೀಕ್ಷೆಯಲ್ಲಿ ಬಿದ್ದು ಹೋಯಿತು. ಅಲ್ಲಿಯ ಮಿತಿ ಕಿಲೋಗೆ 10 ಮೈಕ್ರೋಗ್ರಾಂ, ಅದರಲ್ಲೂ ಬಿ1 ಎಂಬ ಬಗೆ 5ನ್ನು ಮೀರಬಾರದು. ನನ್ನ ಲಾಟಿನ ಹಣದಲ್ಲಿ ಕಡಿತ ಮಾಡಿದರು. ಕಾಯಿ ಚೆನ್ನಾಗಿತ್ತು ಎಂದು ವಾದಿಸಲು ನನ್ನ ಬಳಿ ಯಾವ ವರದಿಯೂ ಇರಲಿಲ್ಲ. ನಿಜ ಹೇಳಬೇಕೆಂದರೆ, ಕಣದಲ್ಲಿ ಒಣಗುವಾಗ ಎರಡು ರಾತ್ರಿ ಮಳೆ ಹನಿದಿತ್ತು. ಮೇಲೆ ಕೆಂಪಗೆ ಮಿಂಚುತ್ತಿದ್ದ ಕಾಯಿಯನ್ನು ಆಮೇಲೆ ಮುರಿದು ನೋಡಿದಾಗ ಬೀಜದ ಸುತ್ತ ಬೂದು ಬಣ್ಣದ ಬೂಷ್ಟು ಕಂಡಿತು. ಮೊದಲೇ ಮುರಿದು ನೋಡಬೇಕಿತ್ತು.

ಹಳೆಯ ರಫ್ತುದಾರ

ತಂಗಿ, ಇದನ್ನು ಗಮನಿಸು. ರಫ್ತಿನಲ್ಲಿ ಅಪಾಯ ಕಡಿಮೆ ಎಂದು ನಿನ್ನ ಕೋಷ್ಟಕ ಹೇಳುತ್ತದೆ. ಬಂಡವಾಳದ ಅಪಾಯ ಕಡಿಮೆ, ನಿಜ. ಆದರೆ ಸಾಹುಕಾರರಿಗೆ ನಷ್ಟವೂ ಬಂತು, ಯಾಕೆ ಬಂತು ಎಂಬ ಸುದ್ದಿ ಕೊನೆಗೆ ಬಂತು. ಪರೋಕ್ಷ ರಫ್ತಿನಲ್ಲಿ ಕಳೆದುಹೋಗುವುದು ಈ ಸುದ್ದಿ. ಗ್ರಾಹಕ ಏನು ಕೇಳುತ್ತಿದ್ದಾನೆ ಎಂಬುದು ನಡುವಿನವನ ಬಳಿಯೇ ನಿಂತುಬಿಡುತ್ತದೆ.

ಗದಗಿನವರಿಗೆ: ತಮ್ಮಾ, ಏಣಿಯ ಮಾತು ಅರ್ಧ ಸರಿ. ಕೆಲವು ಕಂಪನಿಗಳು ಹಾಗೆಯೇ ಬೆಳೆದಿವೆ. ಆದರೆ ನಿಮ್ಮ ಉದಾಹರಣೆಯೇ ನಿಮಗೆ ಎದುರಾಗಿ ನಿಲ್ಲುತ್ತದೆ. ಹೋಂಡಾ ತನ್ನ ಪೂರ್ಣ ಒಡೆತನದ ದ್ವಿಚಕ್ರ ಕಂಪನಿಯನ್ನು ಇಲ್ಲಿ ಸ್ಥಾಪಿಸಿದ್ದು 1999ರಲ್ಲಿ. ಹೀರೋ ಜೊತೆಗಿನ ಸಂಬಂಧ ಮುರಿಯುವ ತೀರ್ಮಾನವಾದದ್ದು 2010ರ ಡಿಸೆಂಬರಿನಲ್ಲಿ. ನಡುವಿನ ಹನ್ನೊಂದು ವರ್ಷ ಒಂದೇ ದೇಶದಲ್ಲಿ, ಒಂದೇ ಬಗೆಯ ಸರಕಿಗೆ ಎರಡು ವಿಧಾನಗಳನ್ನೂ ಹಿಡಿದುಕೊಂಡಿತ್ತು. ಏಣಿಯ ಎರಡು ಮೆಟ್ಟಿಲುಗಳ ಮೇಲೆ ಅಷ್ಟು ವರ್ಷ ಯಾರೂ ನಿಲ್ಲುವುದಿಲ್ಲ.

ಗೋಕುಲ ರಸ್ತೆ ಲೆಕ್ಕಿಗ

ನಷ್ಟ ಅರ್ಧವಾಗುತ್ತದೆ ಎಂಬ ಮಾತನ್ನು ಅಂಕಿಗಳಲ್ಲಿ ಇಟ್ಟು ನೋಡೋಣ. ನಾನು ಕೈಗಾರಿಕಾ ವಸಾಹತಿನಲ್ಲಿ ಎರಡು ಕಾರ್ಖಾನೆಗಳ ಲೆಕ್ಕ ಬರೆಯುತ್ತೇನೆ. ಈ ಅಂಕಿಗಳು ಪರೀಕ್ಷೆಗೆಂದು ನಾನೇ ಕಟ್ಟಿದವು.

ಹುಬ್ಬಳ್ಳಿಯ ಒಂದು ಕಂಪನಿ ಟ್ರ್ಯಾಕ್ಟರ್ ಕೂರಿಗೆ ತಯಾರಿಸಿ ಕೆನ್ಯಾದಲ್ಲಿ ಮಾರಬೇಕು ಎಂದುಕೊಳ್ಳಿ. ಕೂರಿಗೆಯ ಬೆಲೆ 60,000 ರೂಪಾಯಿ. ಇಲ್ಲಿಂದ ಕಳಿಸಿದರೆ ತಯಾರಿಕೆ, ಹಡಗು ಬಾಡಿಗೆ, ಸುಂಕ, ಅಲ್ಲಿಯ ಮಾರಾಟಗಾರನ ಪಾಲು ಎಲ್ಲ ಕಳೆದು ಒಂದಕ್ಕೆ 5,000 ಉಳಿಯುತ್ತದೆ. ವರ್ಷದ ಸ್ಥಿರ ಖರ್ಚು 4 ಲಕ್ಷ. ಪರವಾನಗಿ ಕೊಟ್ಟರೆ 5 ಶೇಕಡಾ ರಾಯಲ್ಟಿ, ಅಂದರೆ ಒಂದಕ್ಕೆ 3,000. ವಕೀಲರು, ತಪಾಸಣೆ ಸೇರಿ ಸ್ಥಿರ ಖರ್ಚು 1 ಲಕ್ಷ. ಅಲ್ಲೇ ಸ್ವಂತ ಕಾರ್ಖಾನೆ ಕಟ್ಟಿದರೆ ಒಂದಕ್ಕೆ 12,000 ಉಳಿಯುತ್ತದೆ, ಆದರೆ ಸ್ಥಿರ ಖರ್ಚು 60 ಲಕ್ಷ.

ವರ್ಷಕ್ಕೆ 150 ಕೂರಿಗೆ ಮಾರಿದರೆ ಪರವಾನಗಿ ಮತ್ತು ರಫ್ತು ಎರಡರಲ್ಲೂ ಮೂರೂವರೆ ಲಕ್ಷ ಉಳಿಯುತ್ತದೆ. ಅದಕ್ಕಿಂತ ಕಡಿಮೆ ಇದ್ದರೆ ಪರವಾನಗಿ ಮೇಲು, ಹೆಚ್ಚಿದ್ದರೆ ರಫ್ತು ಮೇಲು. 800ಕ್ಕೆ ಬಂದಾಗ ರಫ್ತು ಮತ್ತು ಸ್ವಂತ ಕಾರ್ಖಾನೆ ಎರಡರಲ್ಲೂ 36 ಲಕ್ಷ. ಅದರಾಚೆಗೆ ಕಾರ್ಖಾನೆ ಗೆಲ್ಲುತ್ತದೆ.

ಈಗ ಜಂಟಿ ಉದ್ಯಮ. ಅದೇ ಕಾರ್ಖಾನೆಯನ್ನು ಅರ್ಧರ್ಧ ಪಾಲಿನಲ್ಲಿ ಕಟ್ಟಿ. ನಿಮ್ಮ ಪಾಲಿಗೆ ಒಂದಕ್ಕೆ 6,000 ಲಾಭ, 30 ಲಕ್ಷ ಖರ್ಚು. 400 ಮಾತ್ರ ಮಾರಾಟವಾದರೆ ಒಬ್ಬರೇ ಇದ್ದಾಗ 12 ಲಕ್ಷ ನಷ್ಟ, ಜಂಟಿಯಲ್ಲಿ 6 ಲಕ್ಷ. ಇಲ್ಲಿಯವರೆಗೆ ಗದಗಿನವರು ಸರಿ. ಆದರೆ ನಷ್ಟ ನಿಲ್ಲುವ ಬಿಂದು ಎರಡರಲ್ಲೂ 500 ಕೂರಿಗೆಗಳೇ. ಪಾಲುದಾರ ಬರೀ ಹಣ ತಂದರೆ ಆ ಬಿಂದು ಒಂದು ಕೂರಿಗೆಯಷ್ಟೂ ಕದಲುವುದಿಲ್ಲ. ಮೇಲಾಗಿ, ರಫ್ತನ್ನು ಮೀರಿಸಬೇಕಾದರೆ ಈ ಅರ್ಧ ಪಾಲಿಗೆ ವರ್ಷಕ್ಕೆ 2,600 ಕೂರಿಗೆ ಮಾರಾಟವಾಗಬೇಕು!

ಸಾಧನಕೇರಿ ವಿದ್ಯಾರ್ಥಿನಿ

ಅಣ್ಣಾ, 2,600 ಎಂಬುದನ್ನು ನಾನೂ ಮಾಡಿ ನೋಡಿದೆ, ಸರಿಯಾಗಿ ಬರುತ್ತದೆ. ಆದರೆ ಹಾಗಿದ್ದರೆ ಯಾರೂ ಜಂಟಿ ಉದ್ಯಮಕ್ಕೆ ಕೈಹಾಕಬಾರದಲ್ಲ? ನನ್ನ ಪ್ರಶ್ನೆ ಇನ್ನೂ ದೊಡ್ಡದಾಯಿತು.

ಹಳೆಯ ರಫ್ತುದಾರ

ದೊಡ್ಡದಾಗಲಿ, ಈಗ ಅದು ಸರಿಯಾದ ಪ್ರಶ್ನೆಯಾಗಿದೆ. ಪಾಲುದಾರ ಆ ಬಿಂದುವನ್ನೇ ಕದಲಿಸುವ, ಇಲ್ಲವೇ ನಮ್ಮನ್ನು ಬೇಗ ಅಲ್ಲಿಗೆ ಮುಟ್ಟಿಸುವ ಏನನ್ನೋ ತರಬೇಕು. ಅದು ಸಂತೆಯಲ್ಲಿ ಹಣ ಕೊಟ್ಟರೆ ಸಿಗುವಂತಹದಾಗಿರಬಾರದು.

ಉದಾಹರಣೆಗೆ ದೂರ ಹೋಗಬೇಡ. ಧಾರವಾಡದಿಂದ ಬೆಳಗಾವಿ ಕಡೆಗೆ ಹೋಗುವ ಹೆದ್ದಾರಿಯಲ್ಲಿ ಬಸ್ ಬಾಡಿ ಕಟ್ಟುವ ಕಾರ್ಖಾನೆಯನ್ನು ನೀನು ನೋಡಿಯೇ ಇರುತ್ತೀ. ಮಾರ್ಕೊಪೋಲೊ ಬ್ರೆಜಿಲಿನ ಕಂಪನಿ, 1949ರಲ್ಲಿ ಆರಂಭವಾದದ್ದು, ಕಶಿಯಸ್ ದೊ ಸುಲ್ ಅದರ ಊರು. ಬಸ್ಸಿನ ಬಾಡಿ ಕಟ್ಟುವುದೇ ಅದರ ಕಸುಬು. 2006ರಲ್ಲಿ ಟಾಟಾ ಮೋಟಾರ್ಸ್ ಜೊತೆ ಒಪ್ಪಂದ ಮಾಡಿಕೊಂಡು ಭಾರತಕ್ಕೆ ಬಂತು. ಟಾಟಾಗೆ 51, ಮಾರ್ಕೊಪೋಲೊಗೆ 49. ಧಾರವಾಡ ಮತ್ತು ಲಖನೌಗಳಲ್ಲಿ ಕಾರ್ಖಾನೆಗಳು.

ನೀನು ಮಾರ್ಕೊಪೋಲೊ ಕಂಪನಿಯ ಜಾಗದಲ್ಲಿ ಕುಳಿತು ಯೋಚಿಸು. ರಫ್ತು ಮಾಡಬಹುದೇ? ದೊಡ್ಡ ಬಸ್ಸು 12 ಮೀಟರ್ ಉದ್ದ, ಎರಡೂವರೆ ಮೀಟರ್ ಅಗಲ, ಎತ್ತರ ಮೂರು ಮೀಟರಿಗೂ ಮೇಲೆ. ನಲವತ್ತು ಅಡಿಯ ಸಾಮಾನ್ಯ ಕಂಟೇನರಿನ ಒಳ ಅಗಲ 2.35 ಮೀಟರ್, ಎತ್ತರ 2.39. ಬಸ್ಸು ಅದರೊಳಗೆ ಹೋಗುವುದೇ ಇಲ್ಲ. ವಾಹನಗಳನ್ನು ಹಾಗೆಯೇ ಓಡಿಸಿ ಹತ್ತಿಸುವ ಹಡಗು ಬೇಕು, ಅಲ್ಲಿಯೂ ಬಾಡಿಗೆ ಕೊಡುವುದು ಹೆಚ್ಚಾಗಿ ಒಳಗಿನ ಖಾಲಿ ಜಾಗಕ್ಕೆ. ಅದರ ಮೇಲೆ ಆಮದು ಸುಂಕ. ನಮ್ಮ ಸಾರಿಗೆ ನಿಗಮಗಳು ಕೊಡುವ ಬೆಲೆಯಲ್ಲಿ ಇದು ಆಗದ ಮಾತು.

ಪರವಾನಗಿ? ಬಾಡಿ ಕಟ್ಟುವ ವಿದ್ಯೆಯೆಲ್ಲ ನಕ್ಷೆಯಲ್ಲಿ ಇರುವುದಿಲ್ಲ. ಯಾವ ಜೋಡಣೆಯನ್ನು ಮೊದಲು ಮಾಡಬೇಕು, ಚೌಕಟ್ಟು ಓರೆಯಾಗದಂತೆ ಹೇಗೆ ಹಿಡಿಯಬೇಕು, ಸಾಲಿನಲ್ಲಿ ಕೆಲಸವನ್ನು ಹೇಗೆ ಹಂಚಬೇಕು ಎಂಬುದು ಕೈಯಲ್ಲಿದೆ. ಅದನ್ನು ಕಾಗದದಲ್ಲಿ ಕಳಿಸಲಾಗದು, ಜನ ಬಂದು ಪಕ್ಕದಲ್ಲಿ ನಿಂತು ಕಲಿಸಬೇಕು. ಹಾಗೆ ಕಲಿಸಿದ ಮೇಲೆ ರಾಯಲ್ಟಿಯಷ್ಟೇ ಸಿಕ್ಕರೆ, ಕಲಿತವನು ಒಪ್ಪಂದ ಮುಗಿದ ದಿನ ಪ್ರತಿಸ್ಪರ್ಧಿ.

ಪೂರ್ಣ ಒಡೆತನ? ಕಾನೂನಿನ ಅಡ್ಡಿ ಇರಲಿಲ್ಲ. 2002ರ ವಾಹನ ನೀತಿಯಿಂದ ಈ ಕ್ಷೇತ್ರದಲ್ಲಿ ನೂರಕ್ಕೆ ನೂರು ವಿದೇಶಿ ಹೂಡಿಕೆಗೆ ಅವಕಾಶ ಇತ್ತು. ಆದರೂ ಒಂಟಿಯಾಗಿ ಬರಲಿಲ್ಲ. ಯಾಕಿರಬಹುದು ಎಂದು ನೀನೇ ಹೇಳು ನೋಡೋಣ.

ಸಾಧನಕೇರಿ ವಿದ್ಯಾರ್ಥಿನಿ

ಚಾಸಿ! ಬಾಡಿ ಕಟ್ಟಲು ಕೆಳಗೆ ಚಾಸಿ ಬೇಕು. ಅದು ಟಾಟಾ ಬಳಿ ಇದೆ.

ಹಳೆಯ ರಫ್ತುದಾರ

ಅದೇ. ಜೊತೆಗೆ, ಟಾಟಾ ಚಾಸಿ ಕೊಳ್ಳುತ್ತಿದ್ದ ಸಾರಿಗೆ ನಿಗಮಗಳು ಮತ್ತು ಖಾಸಗಿ ಮಾಲೀಕರು. ಒಬ್ಬನ ಬಳಿ ಚಾಸಿ ಮತ್ತು ಗಿರಾಕಿ, ಇನ್ನೊಬ್ಬನ ಬಳಿ ಬಾಡಿಯ ವಿದ್ಯೆ. ಎರಡೂ ಸೇರದೆ ಬಸ್ಸಿಲ್ಲ. ಲೆಕ್ಕಿಗರ ಭಾಷೆಯಲ್ಲಿ ಹೇಳಿದರೆ, ಇಲ್ಲಿ ಪಾಲುದಾರ ಮಾರಾಟದ ಸಂಖ್ಯೆಯನ್ನೇ ತಂದ. 500ರ ಬಿಂದು ಎಲ್ಲಿದ್ದರೂ ಮೊದಲ ದಿನದಿಂದಲೇ ಅದರ ಹತ್ತಿರ ನಿಲ್ಲಿಸಿದ. ನಿನ್ನ ಮೇಡಂ ಕೇಳಿದ "ಯಾಕೆ"ಗೆ ಇದನ್ನು ಬರೆ.

ಮುಮ್ಮಿಗಟ್ಟಿ

ನಾನು ಆ ಭಾಗದ ಒಂದು ಕಾರ್ಖಾನೆಗೆ ಬಿಡಿಭಾಗ ಪೂರೈಸುವ ಘಟಕದಲ್ಲಿ ಕೆಲಸ ಮಾಡಿದ್ದೇನೆ. ಉದಾಹರಣೆ ಚೆನ್ನಾಗಿದೆ, ಆದರೆ ಕಥೆಯನ್ನು ಅರ್ಧಕ್ಕೆ ಬಿಡಬಾರದು. ಆ ಜಂಟಿ ಉದ್ಯಮ ಈಗ ಇಲ್ಲ. ಮಾರ್ಕೊಪೋಲೊ ಹೊರಬರುವ ಸುದ್ದಿ ಬಂದದ್ದು 2020ರ ಡಿಸೆಂಬರಿನಲ್ಲಿ. ಅದರ 49 ಪಾಲನ್ನು ಟಾಟಾ ಮೋಟಾರ್ಸ್ 99.96 ಕೋಟಿ ರೂಪಾಯಿಗೆ ಕೊಂಡುಕೊಳ್ಳುವ ಒಪ್ಪಂದವಾಯಿತು. ಈಗ ಕಂಪನಿಯ ಹೆಸರೂ ಟಾಟಾ ಮೋಟಾರ್ಸ್ ಬಾಡಿ ಸೊಲ್ಯೂಷನ್ಸ್ ಎಂದಾಗಿದೆ. ಸೋತ ಉದಾಹರಣೆಯನ್ನು ಪರೀಕ್ಷೆಯಲ್ಲಿ ಬರೆದರೆ ಅಂಕ ಬರುತ್ತದೆಯೇ?

ಗದಗ ವಾಣಿಜ್ಯ

ಹಾಗಾದರೆ ಜಂಟಿ ಉದ್ಯಮ ವಿಫಲ ಎಂದೇ ಬರೆಯಬೇಕು. ಹದಿನಾಲ್ಕು ವರ್ಷ ಕಲಿಸಿ ಕೊನೆಗೆ ಬರಿಗೈಯಲ್ಲಿ ಹೋದರು.

ಹಳೆಯ ರಫ್ತುದಾರ

ಬರಿಗೈ ಅಲ್ಲ. ಬಿಡುಗಡೆಯ ಒಪ್ಪಂದದಲ್ಲಿ ಎರಡು ಮಾತುಗಳಿದ್ದವು. ಮಾರ್ಕೊಪೋಲೊ ಎಂಬ ಹೆಸರನ್ನು ಕನಿಷ್ಠ ಮೂರು ವರ್ಷ ಬಳಸಲು ಆ ಕಂಪನಿಗೆ ಪರವಾನಗಿ ಕೊಡುವುದು. ಅಷ್ಟೇ ಅವಧಿಗೆ ಭಾರತದಲ್ಲಿ ಪೈಪೋಟಿಗೆ ಇಳಿಯದಿರುವುದು. ಅಂದರೆ ಜಂಟಿ ಉದ್ಯಮ ಮುಗಿದ ಜಾಗದಲ್ಲಿ ಪರವಾನಗಿ ಶುರುವಾಯಿತು. ನಿಮ್ಮ ಏಣಿಯಲ್ಲಿ ಇದು ಮೇಲಿನಿಂದ ಕೆಳಗೆ ಬಂದಂತೆ. ಹೊರಗಿನ ಕಂಪನಿ ಬಂಡವಾಳ ಹಿಂತೆಗೆದುಕೊಂಡು ಹೆಸರನ್ನಷ್ಟೇ ಇಲ್ಲಿ ಉಳಿಸಿತು.

ಪಾಲುದಾರನಿಗೆ ನಮ್ಮ ಅಗತ್ಯ ಎಷ್ಟು ವರ್ಷ ಇರುತ್ತದೆ ಎಂಬುದನ್ನು ಸೇರುವ ದಿನವೇ ಯೋಚಿಸಬೇಕು. ಚಾಸಿಗೆ ಪ್ರತಿ ಬಸ್ಸಿಗೂ ಹೊಸದಾಗಿ ಕೈಚಾಚಬೇಕು, ವಿದ್ಯೆಯನ್ನು ಒಮ್ಮೆ ಕಲಿತರೆ ಮುಗಿಯಿತು. ಹಾಗಾಗಿ ವರ್ಷ ಕಳೆದಂತೆ ವಿದ್ಯೆ ತಂದವನ ತೂಕ ಕಡಿಮೆಯಾಗುತ್ತದೆ. ಪ್ರತಿ ನಾಲ್ಕಾರು ವರ್ಷಕ್ಕೆ ಹೊಸ ವಿನ್ಯಾಸ ತಾರದಿದ್ದರೆ ಅವನ 49ಕ್ಕೆ ಸಭೆಯಲ್ಲಿ ಬೆಲೆ ಇರುವುದಿಲ್ಲ. ಇದು ನನ್ನ ಓದು.

ಮುಮ್ಮಿಗಟ್ಟಿ

ನಿಮ್ಮ ಓದನ್ನು ಪೂರ್ತಿ ಒಪ್ಪಲಾರೆ ಸರ್. 2020 ಎಂದರೆ ಕೊರೋನಾ ವರ್ಷ. ಬಸ್ಸುಗಳು ಡಿಪೋಗಳಲ್ಲಿ ನಿಂತಿದ್ದವು, ಹೊಸ ಬಸ್ಸು ಕೊಳ್ಳುವವರೇ ಇರಲಿಲ್ಲ. ಪೂರೈಕೆಯ ಘಟಕದಲ್ಲಿದ್ದ ನಮಗೆ ತಿಂಗಳುಗಟ್ಟಲೆ ಕೆಲಸವಿರಲಿಲ್ಲ. ವಿದ್ಯೆ ಹಳತಾಯಿತೋ, ಮಾರುಕಟ್ಟೆ ಬಿತ್ತೋ, ಹೊರಗಿನಿಂದ ನೋಡಿ ಹೇಳುವುದು ಕಷ್ಟ.

ಹಳೆಯ ರಫ್ತುದಾರ

ನೀವು ಹೇಳುವುದರಲ್ಲಿ ತೂಕವಿದೆ. ನಾನು ಪಟ್ಟು ಹಿಡಿಯುವುದಿಲ್ಲ. ತಂಗಿ, ಎರಡೂ ಕಾರಣಗಳನ್ನು ಬರೆ, ಯಾವುದು ಹೆಚ್ಚು ಎಂದು ತೀರ್ಪು ಕೊಡಬೇಡ. ಮುಗಿದ ಉದಾಹರಣೆ ಎಂದು ಬಿಡಬೇಡ. ಪ್ರವೇಶ, ನಡೆತ, ಬಿಡುಗಡೆ ಮೂರೂ ಒಂದೇ ಕಡೆ ಸಿಗುವ ಉದಾಹರಣೆ ಅಪರೂಪ.

ಗದಗ ವಾಣಿಜ್ಯ

ಏಣಿಯ ಮಾತನ್ನು ಹಿಂತೆಗೆದುಕೊಳ್ಳುತ್ತೇನೆ. ಆದರೆ ಲೆಕ್ಕಿಗರಿಗೆ ಒಂದು ಪ್ರಶ್ನೆ. ನಿಮ್ಮ ಅಂಕಿಗಳಲ್ಲಿ ಸುಂಕ ಬದಲಾದರೆ? ಸುಂಕ ಏರಿದರೆ ಕಂಪನಿಗಳು ಆ ದೇಶಕ್ಕೆ ಹೋಗುವುದನ್ನೇ ಬಿಡುತ್ತವೆ ಎಂದು ನಾನು ತಿಳಿದಿದ್ದೆ.

ಗೋಕುಲ ರಸ್ತೆ ಲೆಕ್ಕಿಗ

ಒಳ್ಳೆಯ ಪ್ರಶ್ನೆ. ಕೂರಿಗೆಗೆ 3,000 ಹೆಚ್ಚುವರಿ ಸುಂಕ ಬಿತ್ತು ಎನ್ನಿ. ರಫ್ತಿನಲ್ಲಿ ಉಳಿಯುತ್ತಿದ್ದ 5,000 ಈಗ 2,000. ಪರವಾನಗಿಯ 3,000ಕ್ಕಿಂತ ಅದು ಕಡಿಮೆ, ಸ್ಥಿರ ಖರ್ಚೂ ಹೆಚ್ಚು. ಎಷ್ಟೇ ಮಾರಿದರೂ ರಫ್ತು ಪರವಾನಗಿಯನ್ನು ಹಿಂದೆ ಹಾಕುವುದಿಲ್ಲ. ಈಗ ಪೈಪೋಟಿ ಪರವಾನಗಿಗೂ ಸ್ವಂತ ಕಾರ್ಖಾನೆಗೂ ನಡುವೆ. ಅಲ್ಲಿಯೇ ತಯಾರಾದ ಕೂರಿಗೆಗೆ ಸುಂಕವಿಲ್ಲವಲ್ಲ. ಒಂದಕ್ಕೆ ಉಳಿಯುವುದರಲ್ಲಿ 9,000 ವ್ಯತ್ಯಾಸ, ಸ್ಥಿರ ಖರ್ಚಿನಲ್ಲಿ 59 ಲಕ್ಷ ವ್ಯತ್ಯಾಸ. 9,000ದಿಂದ 59 ಲಕ್ಷವನ್ನು ಭಾಗಿಸಿದರೆ ಸುಮಾರು 656 ಬರುತ್ತದೆ. ಮೊದಲು 800 ದಾಟಿದ ಮೇಲೆ ಕಾರ್ಖಾನೆಯ ಯೋಚನೆ ಮಾಡಬೇಕಿತ್ತು, ಈಗ 656 ದಾಟಿದರೆ ಸಾಕು. ಸುಂಕ ಸರಕನ್ನು ತಡೆಯುತ್ತದೆ, ಕಾರ್ಖಾನೆಯನ್ನು ಒಳಗೆ ಎಳೆಯುತ್ತದೆ.

ಆದರೆ ಈ ಲೆಕ್ಕದಲ್ಲಿ ಎರಡು ಸಂಗತಿಗಳಿಗೆ ಸಾಲೇ ಇಲ್ಲ. ಪರವಾನಗಿ ಪಡೆದವನು ಐದು ವರ್ಷದ ನಂತರ ನಮ್ಮದೇ ಕೂರಿಗೆಯನ್ನು ತನ್ನ ಹೆಸರಿನಲ್ಲಿ ಮಾರಬಹುದು. ಮಾರಾಟ 300ಕ್ಕೆ ಕುಸಿದರೆ ರಫ್ತನ್ನು ಒಂದು ಪತ್ರ ಬರೆದು ನಿಲ್ಲಿಸಬಹುದು, ಕಾರ್ಖಾನೆಯನ್ನು ಹಾಗೆ ಮಡಚಿಡಲಾಗದು. ಅಂಕಿ ಬರೆದ ಕೆಳಗೆ ಇವೆರಡನ್ನು ವಾಕ್ಯದಲ್ಲಿ ಬರೆಯಬೇಕು.

ಸಾಧನಕೇರಿ ವಿದ್ಯಾರ್ಥಿನಿ

ಉತ್ತರವನ್ನು ಹೀಗೆ ಬರೆಯಬೇಕೆಂದಿದ್ದೇನೆ. ಮೊದಲ ಪುಟದಲ್ಲಿ ಕೋಷ್ಟಕ ಬೇಡ. ಬಸ್ಸು ಕಂಟೇನರಿನಲ್ಲಿ ಹಿಡಿಸುವುದಿಲ್ಲ ಎಂಬಲ್ಲಿಂದ ಆರಂಭಿಸಿ, ಒಂದೊಂದು ವಿಧಾನವನ್ನೂ ಮಾರ್ಕೊಪೋಲೊ ಯಾಕೆ ಬಿಟ್ಟಿರಬಹುದು ಎಂದು ಬರೆದು, ಜಂಟಿ ಉದ್ಯಮಕ್ಕೆ ಬಂದು, 2020ರ ಬಿಡುಗಡೆಯ ಎರಡು ಕಾರಣಗಳನ್ನು ಇಡುತ್ತೇನೆ. ಕೂರಿಗೆಯ ಲೆಕ್ಕಕ್ಕೆ ಅರ್ಧ ಪುಟ. ಪರೋಕ್ಷ ರಫ್ತಿಗೆ ಬ್ಯಾಡಗಿ ಕಾಕಾ ಅವರ ಚೀಲ. ಕಾಕಾ, ನಿಮ್ಮ ಅನುಭವವನ್ನು ಹೆಸರಿಲ್ಲದೆ ಬಳಸಿಕೊಳ್ಳಬಹುದೇ?

ಬ್ಯಾಡಗಿ ಡಬ್ಬಿ

ಧಾರಾಳವಾಗಿ ಬಳಸು ತಂಗಿ.

ಈ ಚರ್ಚೆ ಓದಿದ ಮೇಲೆ ನಿನ್ನೆ ಸಂಜೆ ಮುಂಬೈಗೆ ಫೋನ್ ಮಾಡಿದೆ. ನನ್ನ ಕಾಯಿ ಯಾವ ದೇಶದ ಯಾರಿಗೆ ಹೋಗುತ್ತದೆ, ಅವರು ಏನೇನು ಪರೀಕ್ಷೆ ಮಾಡಿಸುತ್ತಾರೆ ಎಂದು ಕೇಳಿದೆ. ಪರೀಕ್ಷೆಯ ಪಟ್ಟಿಯನ್ನು ಕಳಿಸಿದರು. ಕೊಳ್ಳುವವರ ಹೆಸರು ಮಾತ್ರ ಹೇಳಲಿಲ್ಲ. ಸೋಮವಾರ ಆಮದು–ರಫ್ತು ಸಂಕೇತ ಸಂಖ್ಯೆಗೆ ಅರ್ಜಿ ಹಾಕುತ್ತಿದ್ದೇನೆ.